ಮುಖ್ಯ ಅತಿಥಿಯ ಸ್ವಾಗತ ಭಾಷಣ: ಗೈಡು, ಟ್ಯೂಷನ್ ನೋಟ್ಸ್, ನಾವೇ ಬರೆದ ಉತ್ತರ

ಹತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳಿಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಪುಸ್ತಕದಂಗಡಿಯಲ್ಲಿ 220 ರೂಪಾಯಿ ಕೊಟ್ಟು ಒಂದು ಕನ್ನಡ ಗೈಡು ತಂದಿದ್ದೆ. ಅದರಲ್ಲಿದ್ದ ಸ್ವಾಗತ ಭಾಷಣವನ್ನು ಅವಳು ಅಕ್ಷರ ಬಿಡದೆ ಬಾಯಿಪಾಠ ಮಾಡಿ ಶಾಲೆಯ ಪರೀಕ್ಷೆಯಲ್ಲಿ ಬರೆದಳು. ಐದು ಅಂಕದ ಪ್ರಶ್ನೆಗೆ ಬಂದದ್ದು ಎರಡು. ಆಮೇಲೆ ಅವಳ ಗೆಳತಿಯ ಟ್ಯೂಷನ್ ನೋಟ್ಸನ್ನು ಜೆರಾಕ್ಸ್ ಮಾಡಿಸಿ ನೋಡಿದೆವು. ಕೊನೆಗೆ ಮನೆಯಲ್ಲಿ ಇಬ್ಬರೂ ಕುಳಿತು ನಮ್ಮದೇ ಒಂದು ಉತ್ತರ ಬರೆದೆವು. ಈ ಮೂರರಲ್ಲಿ ನನ್ನ ಮತ ಮೂರನೆಯದಕ್ಕೆ. ಅದು ನಮ್ಮದು ಎಂಬ ಮಮತೆಯಿಂದ ಹೀಗೆ ಹೇಳುತ್ತಿಲ್ಲ. ಓಣಿಯ ಕಾರ್ಯಕ್ರಮಗಳಲ್ಲಿ ಹಲವು ವರ್ಷಗಳಿಂದ ನಿರೂಪಣೆ ಮಾಡುತ್ತ ಬಂದವನಾದ ನನಗೆ, ಉಳಿದೆರಡು ಉತ್ತರಗಳನ್ನು ವೇದಿಕೆಯ ಮೇಲೆ ಓದಿದರೆ ಎಲ್ಲಿ ಮುಗ್ಗರಿಸುತ್ತೇವೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಪರೀಕ್ಷೆಯ ಪ್ರಶ್ನೆಯಲ್ಲಿ ಅತಿಥಿಯ ವಿವರಗಳನ್ನು ಕೊಟ್ಟಿದ್ದರು: ಕೃಷಿ ವಿಜ್ಞಾನಿ, ಸೇಡಂ ತಾಲೂಕಿನವರು, ಅದೇ ಶಾಲೆಯ ಹಳೆಯ ವಿದ್ಯಾರ್ಥಿನಿ, ತೊಗರಿಯ ಸಂಶೋಧನೆಯಲ್ಲಿ 25 ವರ್ಷ. ಗೈಡಿನ ಅತಿಥಿಯಾದರೋ "ಬಹುಮುಖ ಪ್ರತಿಭೆಯ ಶಿಕ್ಷಣ ತಜ್ಞರು". ಮಗಳು ಶಿಕ್ಷಣ ತಜ್ಞರನ್ನೇ ಸ್ವಾಗತಿಸಿ ಬಂದಿದ್ದಳು. ಅಷ್ಟಕ್ಕೇ ಒಂದು ಅಂಕ ಹೋಗಿತ್ತು, ಅದು ನ್ಯಾಯವೇ.

ಆದರೆ ನನ್ನನ್ನು ಬಹಳ ಕಾಡಿದ್ದು ಬೇರೆಯೇ ದೋಷ. ಉತ್ತರ ಪತ್ರಿಕೆಯಲ್ಲಿ ಒಂದು ವಾಕ್ಯದ ಕೆಳಗೆ ಗುರುಗಳು ಎರಡು ಬಾರಿ ಕೆಂಪು ಗೆರೆ ಎಳೆದಿದ್ದರು: "ತಾವು ಬಡ ಕುಟುಂಬದಲ್ಲಿ ಜನಿಸಿ ಉನ್ನತ ಹುದ್ದೆಗೆ ಏರಿದ್ದಾರೆ, ಅವರು ಇಂದು ನಮ್ಮ ಶಾಲೆಗೆ ಬಂದಿದ್ದೀರಿ." ಇದನ್ನು ತೋರಿಸಿದಾಗ ಮಗಳು, "ಗೈಡಿನ್ಯಾಗ ಹಂಗೇ ಅದ, ಅಪ್ಪಾ" ಎಂದಳು. ತೆಗೆದು ನೋಡಿದರೆ ನಿಜವಾಗಿಯೂ ಹಾಗೆಯೇ ಇತ್ತು.

ಸ್ವಾಗತ ಭಾಷಣ ಮಾಡುವವನು ಇಬ್ಬರೊಡನೆ ಮಾತನಾಡುತ್ತಾನೆ. ಅತಿಥಿಯ ಪರಿಚಯವನ್ನು ಸಭೆಗೆ ಹೇಳುವಾಗ ಅತಿಥಿ "ಅವರು". ಕ್ರಿಯಾಪದ "ಓದಿದ್ದಾರೆ, ದುಡಿದಿದ್ದಾರೆ" ಎಂದು ಮುಗಿಯಬೇಕು. ಅತಿಥಿಯ ಕಡೆಗೇ ತಿರುಗಿ ಸ್ವಾಗತ ಕೋರುವಾಗ "ತಾವು". ಆಗ "ಬಂದಿದ್ದೀರಿ, ಹರಸಬೇಕು" ಎಂಬ ರೂಪಗಳು ಬರುತ್ತವೆ. ವೇದಿಕೆಯ ಮೇಲೆ ಕತ್ತು ಹೊರಳಿಸಿದೊಡನೆ ಯಾರೊಡನೆ ಮಾತನಾಡುತ್ತಿದ್ದೇವೆ ಎಂಬುದು ಎದುರಿನವರಿಗೆ ತಿಳಿಯುತ್ತದೆ. ಕಾಗದದ ಮೇಲೆ ಆ ಹೊರಳುವಿಕೆಯನ್ನು ತೋರಿಸಲು ಒಂದು ಸಂಬೋಧನೆಯನ್ನೇ ಬರೆಯಬೇಕಾಗುತ್ತದೆ. ಗೈಡಿನಲ್ಲಿ ಆ ಸಂಬೋಧನೆ ಇರಲಿಲ್ಲ. ಆದ್ದರಿಂದ "ತಾವು" ಮತ್ತು "ಅವರು" ಒಂದೇ ವಾಕ್ಯದಲ್ಲಿ ಕಲಸಿಹೋಗಿದ್ದವು. ಬರೆದಾದ ಮೇಲೆ ಇದನ್ನು ಕಂಡುಕೊಳ್ಳುವ ದಾರಿ ಸುಲಭ: ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಬೇಕು. "ದ್ದಾರೆ" ಎಂಬುದು "ದ್ದೀರಿ" ಆಗಿ ಬದಲಾಗುವ ಜಾಗ ಇಡೀ ಭಾಷಣದಲ್ಲಿ ಒಂದೇ ಇರಬೇಕು.

ಅದೇ ಗೈಡಿನಲ್ಲಿ "ಅತಿಥಿಗಳನ್ನು ಸ್ವಾಗತ ಕೋರುತ್ತೇನೆ" ಎಂದೂ ಇತ್ತು. ಕೋರುವುದಾದರೆ ಅತಿಥಿಗಳಿಗೆ, ಸ್ವಾಗತಿಸುವುದಾದರೆ ಅತಿಥಿಗಳನ್ನು.

ಟ್ಯೂಷನ್ ನೋಟ್ಸಿನ ಭಾಷೆ ಶುದ್ಧವಾಗಿದೆ. ಸಂಬೋಧನೆಯ ಕ್ರಮವೂ ಸರಿಯಿದೆ: ಮೊದಲು ಸಮಾರಂಭದ ಅಧ್ಯಕ್ಷರು, ಬಳಿಕ ಮುಖ್ಯ ಅತಿಥಿಗಳು, ಆಮೇಲೆ ಶಿಕ್ಷಕರು, ಪಾಲಕರು, ಸಹಪಾಠಿಗಳು. ಮಕ್ಕಳು ಅತಿಥಿಯನ್ನೇ ಮೊದಲು ಹೆಸರಿಸಿಬಿಡುತ್ತಾರೆ. ಆ ತಪ್ಪು ಇಲ್ಲಿಲ್ಲ. ತೊಡಕಿರುವುದು ಪೀಠಿಕೆಯಲ್ಲಿ. ಅಮೋಘವರ್ಷ ನೃಪತುಂಗ, ಮಳಖೇಡ, ಕವಿರಾಜಮಾರ್ಗ, ಬಸವಕಲ್ಯಾಣದ ಅನುಭವ ಮಂಟಪ ಎಂದು ನಾಡಿನ ಹಿರಿಮೆಯೇ ಒಂಬತ್ತು ಸಾಲು ಹಿಡಿದಿದೆ, ಅತಿಥಿಗೆ ಉಳಿದದ್ದು ಮೂರು ಸಾಲು. ಬಂದಿರುವವರು ಸಾಹಿತಿಯಾಗಿದ್ದರೆ ಕವಿರಾಜಮಾರ್ಗದ ಮಾತು ಹೊಂದುತ್ತಿತ್ತು. ತೊಗರಿಯ ವಿಜ್ಞಾನಿಯ ಮುಂದೆ ಅದನ್ನು ಹೇಳಿದರೆ ಅತಿಥಿ ಯಾರು ಎಂಬುದನ್ನೇ ಮರೆತಂತೆ ಕೇಳಿಸುತ್ತದೆ. ಕೊನೆಯಲ್ಲಿ "ಎಲ್ಲರಿಗೂ ಧನ್ಯವಾದ ಅರ್ಪಿಸುತ್ತೇನೆ" ಎಂಬ ಸಾಲೂ ಇದೆ. ಅದು ವಂದನಾರ್ಪಣೆ ಮಾಡುವವರ ಪಾಲಿನ ಮಾತು.

ನಾವು ಬರೆದ ಉತ್ತರ ಹದಿನೈದು ಸಾಲಿನೊಳಗೆ ಹೀಗೆ ಮುಗಿಯಿತು:

"ಸಮಾರಂಭದ ಅಧ್ಯಕ್ಷರಾದ ಮುಖ್ಯ ಗುರುಗಳೇ, ಮುಖ್ಯ ಅತಿಥಿಗಳೇ, ಗುರುವೃಂದದವರೇ, ಪಾಲಕರೇ ಹಾಗೂ ನನ್ನ ಸಹಪಾಠಿಗಳೇ, ತಮಗೆಲ್ಲರಿಗೂ ನಮಸ್ಕಾರಗಳು.

ಇಂದಿನ ವಾರ್ಷಿಕೋತ್ಸವದ ಮುಖ್ಯ ಅತಿಥಿಗಳು ಕೃಷಿ ವಿಜ್ಞಾನಿಗಳು, ಸೇಡಂ ತಾಲೂಕಿನವರು, ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತವರು. 25 ವರ್ಷಗಳಿಂದ ಅವರು ತೊಗರಿ ಬೆಳೆಯ ಸಂಶೋಧನೆಯಲ್ಲಿ ತೊಡಗಿದ್ದಾರೆ. ತೊಗರಿಯ ಕಣಜವೆನಿಸಿದ ನಮ್ಮ ಜಿಲ್ಲೆಯಲ್ಲಿ ನೆಟೆ ರೋಗದಿಂದ ಹೊಲ ಒಣಗಿದ್ದನ್ನು ಕಂಡ ಮನೆಗಳ ಮಕ್ಕಳು ಈ ಸಭೆಯಲ್ಲಿಯೇ ಇದ್ದಾರೆ; ಇಂಥ ಸಂಶೋಧನೆಯ ಬೆಲೆ ಅವರಿಗೆ ಚೆನ್ನಾಗಿ ಗೊತ್ತು.

ಮಾನ್ಯರೇ, ಕೆಲಸದ ಒತ್ತಡದ ನಡುವೆಯೂ ತಾವು ನಮ್ಮ ಶಾಲೆಯ ಕರೆಗೆ ಓಗೊಟ್ಟು ಬಂದಿದ್ದೀರಿ. ತಮ್ಮ ಅನುಭವದ ಮಾತುಗಳನ್ನು ಕೇಳಲು ನಾವೆಲ್ಲರೂ ಕಾದಿದ್ದೇವೆ. ಶಾಲೆಯ ಎಲ್ಲರ ಪರವಾಗಿ ತಮಗೆ ಹಾರ್ದಿಕ ಸ್ವಾಗತ ಕೋರುತ್ತೇನೆ."

"ಮಾನ್ಯರೇ" ಎಂಬ ಒಂದೇ ಪದ ಇಲ್ಲಿ ಕತ್ತು ಹೊರಳಿಸುವ ಕೆಲಸ ಮಾಡುತ್ತದೆ. ಅದಕ್ಕಿಂತ ಮುಂಚೆ ಅತಿಥಿ "ಅವರು", ಅನಂತರ "ತಾವು". ಪ್ರಶ್ನೆಯಲ್ಲಿ ಕೊಟ್ಟ ನಾಲ್ಕು ವಿವರಗಳೂ ಎರಡನೆಯ ಭಾಗದಲ್ಲಿ ಬಂದಿವೆ, ನಾವು ಸೇರಿಸಿದ್ದು ನೆಟೆ ರೋಗದ ಮಾತೊಂದನ್ನೇ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತದ್ದನ್ನೂ ಬರೆಯೋಣ ಎಂದು ಮಗಳು ಹೇಳಿದಳು. ಆದರೆ ಆ ವಿಜ್ಞಾನಿಗೂ ಆ ಸೂಚಿಕೆಗೂ ಸಂಬಂಧವಿದೆ ಎಂದು ಪ್ರಶ್ನೆ ಹೇಳಿರಲಿಲ್ಲ; ಪಕ್ಕದಲ್ಲಿಟ್ಟರೆ ಅದು ಅವರದೇ ಸಾಧನೆ ಎಂಬ ಅರ್ಥ ಬರುತ್ತಿತ್ತು. ಆದ್ದರಿಂದ ಬಿಡಿಸಿದೆ. "ಹಾರ್ಧಿಕ" ಎಂದು ಬರೆದಿದ್ದನ್ನು ತಿದ್ದಿಸಿದೆ. "ಸುಸ್ವಾಗತ" ಎಂಬುದನ್ನೂ ತೆಗೆಸಿದೆ. ಸು ಮತ್ತು ಆಗತ ಸೇರಿಯೇ ಸ್ವಾಗತವಾಗಿರುವಾಗ ಮತ್ತೊಂದು ಸು ಬೇಡ ಎಂಬುದು ನನ್ನ ಅಭಿಪ್ರಾಯ, ಬರೆದರೆ ಅಂಕ ಕಳೆಯುವ ಗುರುಗಳು ಇರಲಾರರು.

ನಮ್ಮ ದಾರಿಗೂ ಒಂದು ಮಿತಿಯಿದೆ. ಪರೀಕ್ಷೆಯ ಕೋಣೆಯಲ್ಲಿ ಎರಡನೆಯ ಭಾಗವನ್ನು ಹೊಸದಾಗಿ ಕಟ್ಟಬೇಕು. ಸ್ವಂತ ವಾಕ್ಯ ಬರೆದು ರೂಢಿಯಿಲ್ಲದ ಮಗುವಿಗೆ ಅದು ಕಷ್ಟ. ಆದ್ದರಿಂದ ಮೊದಲ ಮತ್ತು ಕೊನೆಯ ಭಾಗಗಳನ್ನಷ್ಟೇ ಬಾಯಿಪಾಠ ಮಾಡಿಸಿ, ನಡುವಿನ ಭಾಗಕ್ಕೆ ಪೊಲೀಸ್ ಅಧಿಕಾರಿ, ವೈದ್ಯೆ, ಬಿದರಿ ಕುಶಲಕರ್ಮಿ ಎಂದು ದಿನಕ್ಕೊಬ್ಬ ಅತಿಥಿಯನ್ನು ಕೊಟ್ಟು ಬರೆಸಿದೆ. ಮೊದಲ ದಿನ ಅವಳಿಗೆ ಅರ್ಧ ಗಂಟೆ ಹಿಡಿಯಿತು, ಐದನೆಯ ದಿನ ಹನ್ನೆರಡು ನಿಮಿಷ. ಮನೆಯಲ್ಲಿ ಕುಳಿತು ತಿದ್ದುವವರು ಇಲ್ಲದಿದ್ದರೆ ಟ್ಯೂಷನ್ ನೋಟ್ಸನ್ನೇ ಇಟ್ಟುಕೊಂಡು, ಪೀಠಿಕೆಯ ಒಂಬತ್ತು ಸಾಲನ್ನು ಎರಡಕ್ಕೆ ಇಳಿಸಿ, ಧನ್ಯವಾದದ ಸಾಲನ್ನು ಹೊಡೆದುಹಾಕಬಹುದು. ಜೆರಾಕ್ಸಿಗೆ ನನಗೆ ತಗುಲಿದ್ದು ನಾಲ್ಕು ರೂಪಾಯಿ. ಗೈಡನ್ನು ಈ ಒಂದು ಉತ್ತರಕ್ಕಾಗಿ ನಾನಂತೂ ಮತ್ತೆ ಕೊಳ್ಳುವುದಿಲ್ಲ.