ನಾಲ್ವರಿಗೆ ಒಂದೇ ಫ್ಲೋಟರ್ ಸಾಕೇ, ಬೇರೆ ಬೇರೆ ಪಾಲಿಸಿ ಬೇಕೇ?

ಅಪ್ಪನಿಗೆ 67, ಅಮ್ಮನಿಗೆ 62, ನಾನು ಮತ್ತು ನನ್ನ ಹೆಂಡತಿ ಮೂವತ್ತೈದರ ಆಸುಪಾಸಿನವರು. ವಿಜಯನಗರದ ಮನೆಯಲ್ಲಿ ನಾಲ್ವರೂ ಒಟ್ಟಿಗೇ ಇದ್ದೇವೆ. ನಾಲ್ವರಿಗೂ ಸೇರಿ ಹತ್ತು ಲಕ್ಷದ ಒಂದೇ ಫ್ಯಾಮಿಲಿ ಫ್ಲೋಟರ್, ಅಂದರೆ ಒಂದೇ ಮೊತ್ತವನ್ನು ಮನೆಯವರೆಲ್ಲ ಹಂಚಿಕೊಳ್ಳುವ ಆರೋಗ್ಯ ವಿಮೆ ಇತ್ತು; ಅದಕ್ಕೆ ವರ್ಷಕ್ಕೆ ಸುಮಾರು 72,000 ರೂಪಾಯಿ ಕಟ್ಟುತ್ತಿದ್ದೆವು. ಪ್ರತಿಯೊಬ್ಬರಿಗೂ ಹತ್ತು ಲಕ್ಷದ ಸ್ವಂತ ಪಾಲಿಸಿ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಅದೇ ಕಂಪನಿಯಲ್ಲಿ ಕೇಳಿದಾಗ ಲೆಕ್ಕ ಒಂದು ಲಕ್ಷ ದಾಟಿತು. ಮೇಲ್ನೋಟಕ್ಕೆ ಫ್ಲೋಟರ್ ಗೆದ್ದಂತೆಯೇ. ಎರಡನ್ನೂ ಬಳಸಿ ನೋಡಿದ ಮೇಲೆ ನಾನು ಹಾಗೆ ಹೇಳಲಾರೆ. ಆದರೆ ಬೇರೆ ಪಾಲಿಸಿಯೇ ಸದಾ ಮೇಲು ಎಂದೂ ಹೇಳಲಾರೆ.

ಫ್ಲೋಟರ್‌ನ ಪ್ರೀಮಿಯಂ ನಿಂತಿರುವುದು ಮುಖ್ಯವಾಗಿ ಅದರಲ್ಲಿರುವ ಅತಿ ಹಿರಿಯರ ವಯಸ್ಸಿನ ಮೇಲೆ. ಅಪ್ಪನ ವಯಸ್ಸು ಮುಂದಿನ ಹಂತಕ್ಕೆ ಏರಿದಾಗ ಇಡೀ ಪಾಲಿಸಿಯ ದರ ಏರುತ್ತದೆ. ಮೂವತ್ತೈದರ ನಾವು ಅರವತ್ತೇಳರ ಲೆಕ್ಕದ ಪಾಲಿಸಿಯೊಳಗೆ ಕುಳಿತಿರುತ್ತೇವೆ. ನಮ್ಮಿಬ್ಬರಿಗಷ್ಟೇ ಹತ್ತು ಲಕ್ಷದ ಫ್ಲೋಟರ್ ತೆಗೆದುಕೊಂಡರೆ ಹದಿನೇಳು ಸಾವಿರದಲ್ಲಿ ಮುಗಿಯುತ್ತದೆ. ಹೀಗಾಗಿ ದಂಪತಿಗೆ ಫ್ಲೋಟರ್ ಒಳ್ಳೆಯದೇ, ಪ್ರಶ್ನೆ ಇರುವುದು ಹೆತ್ತವರನ್ನು ಅದರೊಳಗೆ ಸೇರಿಸುವುದರಲ್ಲಿ.

ಅದರ ನಿಜವಾದ ಪರೀಕ್ಷೆ ನಡೆದದ್ದು ಒಂದೇ ಪಾಲಿಸಿ ವರ್ಷದೊಳಗೆ. ಜೂನ್‌ನಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ಐಸಿಯು ಸೇರಿ ಬಿಲ್ 7.6 ಲಕ್ಷ. ಅಷ್ಟೂ ನಗದುರಹಿತವಾಗಿ ಮಂಜೂರಾಯಿತು. ಆಗಸ್ಟ್‌ನಲ್ಲಿ ಎದೆಯ ಗಾಯಕ್ಕೆ ಸೋಂಕು ತಗುಲಿ ಮತ್ತೆ ದಾಖಲಾದರು, 2.1 ಲಕ್ಷ. ಅದನ್ನೂ ಕಂಪನಿಯೇ ಕೊಟ್ಟಿತು. ಸೆಪ್ಟೆಂಬರಿನ ಮಳೆಯಲ್ಲಿ ಹೆಂಡತಿಗೆ ಡೆಂಗಿ. ಪ್ಲೇಟ್‌ಲೆಟ್ ಕುಸಿದು ಆಸ್ಪತ್ರೆಗೆ ಸೇರಿಸಬೇಕಾಯಿತು. ಬಿಡುಗಡೆಯ ದಿನ ವಿಮೆ ಡೆಸ್ಕಿನವರು ಕೈಗಿತ್ತ ಮಂಜೂರಾತಿ ಪತ್ರದಲ್ಲಿ ಮೂರೇ ಸಾಲು ಮುಖ್ಯವಾಗಿದ್ದವು: ಬಿಲ್ 85,000, ಉಳಿದ ವಿಮಾ ಮೊತ್ತ 30,000, ರೋಗಿ ಕಟ್ಟಬೇಕಾದದ್ದು 55,000. ಅವಳು ಅದುವರೆಗೆ ಒಂದು ಕ್ಲೇಮನ್ನೂ ಮಾಡಿದವಳಲ್ಲ.

ಖಾಲಿಯಾದ ಮೊತ್ತವನ್ನು ಮತ್ತೆ ತುಂಬಿಕೊಡುವ ರೆಸ್ಟೋರೇಷನ್ ಸೌಲಭ್ಯ ನಮ್ಮ ಪಾಲಿಸಿಯಲ್ಲಿ ಇಲ್ಲದಿರಲಿಲ್ಲ. ಮೂಲ ಮೊತ್ತ ಪೂರ್ತಿ ಮುಗಿದ ಮೇಲೆ ಹತ್ತು ಲಕ್ಷ ಮತ್ತೆ ಸಿಗುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಯಾವ ಕ್ಲೇಮಿನಿಂದ ಮೊತ್ತ ಮುಗಿಯುತ್ತದೆಯೋ ಆ ಕ್ಲೇಮಿಗೆ ತುಂಬಿದ ಹಣ ಬಳಸುವಂತಿಲ್ಲ, ಅದರ ನಂತರದ ಕ್ಲೇಮಿಗೆ ಮಾತ್ರ. ಅಂದರೆ ಡೆಂಗಿಯ ಬಿಲ್ಲು ಮೂವತ್ತು ಸಾವಿರವನ್ನು ನುಂಗಿ ಬಾಗಿಲು ತೆರೆಯಿತು, ಒಳಗೆ ಹೋಗಲು ಅದಕ್ಕೇ ಅವಕಾಶವಿರಲಿಲ್ಲ. ಇನ್ನೊಂದು ಷರತ್ತು ಇದಕ್ಕಿಂತ ಭಾರವಾದದ್ದು: ಒಮ್ಮೆ ಕ್ಲೇಮ್ ಆದ ವ್ಯಕ್ತಿಗೆ ಅದೇ ಕಾಯಿಲೆಗೆ ಆ ವರ್ಷ ತುಂಬಿದ ಮೊತ್ತ ಸಲ್ಲದು. ಅಪ್ಪನ ಹೃದಯಕ್ಕೆ ಮತ್ತೇನಾದರೂ ಆಗಿದ್ದರೆ ಆ ಹತ್ತು ಲಕ್ಷ ಕಾಗದದ ಮೇಲಷ್ಟೇ ಇರುತ್ತಿತ್ತು. ಈಗ ಈ ಎರಡು ಷರತ್ತುಗಳಿಲ್ಲದ ಪಾಲಿಸಿಗಳೂ ಸಿಗುತ್ತವೆ. ಆದ್ದರಿಂದ ಫ್ಲೋಟರ್ ಕೊಳ್ಳುವವರು ‘ರೆಸ್ಟೋರೇಷನ್ ಇದೆಯೇ’ ಎಂದು ಕೇಳಿ ನಿಲ್ಲಬಾರದು. ಭಾಗಶಃ ಮುಗಿದಾಗಲೂ ಸಿಗುತ್ತದೆಯೇ, ಅದೇ ಕ್ಲೇಮಿಗೆ ಸಲ್ಲುತ್ತದೆಯೇ, ಅದೇ ಕಾಯಿಲೆಗೆ ಸಲ್ಲುತ್ತದೆಯೇ ಎಂಬ ಮೂರನ್ನೂ ಪಾಲಿಸಿಯ ಷರತ್ತುಗಳಲ್ಲಿ ಓದಿಯೇ ಖಚಿತಪಡಿಸಿಕೊಳ್ಳಬೇಕು.

ಇದೇ ಮೂರು ಬಿಲ್ಲುಗಳನ್ನು ಬೇರೆ ಬೇರೆ ಪಾಲಿಸಿಗಳ ಮೇಲೆ ಹಾಕಿ ನೋಡಿ. ಪ್ರೀಮಿಯಂ ಹಿಡಿತದಲ್ಲಿರಲಿ ಎಂದು ಹೆಚ್ಚಿನವರು ಮಾಡುವುದು ತಲಾ ಐದು ಲಕ್ಷದ ಪಾಲಿಸಿ. ಹೆಂಡತಿಯ 85,000 ಅವಳ ಪಾಲಿಸಿಯಿಂದ ಪೂರ್ತಿ ಬರುತ್ತದೆ. ಅಪ್ಪನ ಬೈಪಾಸಿಗೆ ಐದು ಲಕ್ಷ ಸಿಕ್ಕಿ 2.6 ಲಕ್ಷ ಕೈಯಿಂದ, ಆಗಸ್ಟ್‌ನ 2.1 ಲಕ್ಷವೂ ಕೈಯಿಂದ. ಒಟ್ಟು 4.7 ಲಕ್ಷ! ಫ್ಲೋಟರ್‌ನಲ್ಲಿ ನಾವು ಕಟ್ಟಿದ್ದು ಐವತ್ತೈದು ಸಾವಿರ ಮಾತ್ರ. ಒಬ್ಬರಿಗೇ ದೊಡ್ಡ ಕಾಯಿಲೆ ಬಂದಾಗ ಇಡೀ ಮೊತ್ತವನ್ನು ಅವರಿಗೆ ಸುರಿಯುವ ಶಕ್ತಿ ಫ್ಲೋಟರ್‌ನದು, ಅದನ್ನು ಒಪ್ಪಲೇಬೇಕು. ಅದರ ಬೆಲೆಯನ್ನು ಆ ವರ್ಷ ಮನೆಯ ಉಳಿದವರು ತೆರುತ್ತಾರೆ.

ಐದು ಲಕ್ಷದ ಸ್ವಂತ ಪಾಲಿಸಿಗೆ ಬಲ ಬರುವುದು ಸೂಪರ್ ಟಾಪ್-ಅಪ್ ಜೊತೆಗಿದ್ದಾಗ. ವರ್ಷದ ಆಸ್ಪತ್ರೆ ಖರ್ಚು ಒಟ್ಟು ಐದು ಲಕ್ಷ ದಾಟಿದ ಮೇಲೆ ಉಳಿದದ್ದನ್ನು ಕೊಡುವಂಥದ್ದು ಇದು. ಅಪ್ಪನಿಗೆ ಇದಿದ್ದಿದ್ದರೆ ಬೈಪಾಸಿನ ಮೇಲಿನ 2.6 ಲಕ್ಷವೂ ಬರುತ್ತಿತ್ತು, ಮಿತಿ ಆಗಲೇ ದಾಟಿರುವುದರಿಂದ ಆಗಸ್ಟ್‌ನ 2.1 ಲಕ್ಷವೂ ಪೂರ್ತಿ ಬರುತ್ತಿತ್ತು. ಬರೀ ಟಾಪ್-ಅಪ್ ಬೇರೆ: ಅದು ಪ್ರತಿ ಕ್ಲೇಮನ್ನೂ ಪ್ರತ್ಯೇಕವಾಗಿ ಐದು ಲಕ್ಷಕ್ಕೆ ಹೋಲಿಸುತ್ತದೆ. ಆಗಸ್ಟ್‌ನ ಬಿಲ್ಲಿಗೆ ಅದರಿಂದ ಒಂದು ರೂಪಾಯಿಯೂ ಸಿಗದು.

ಕೊಠಡಿ ಬಾಡಿಗೆಯನ್ನೂ ನೋಡಿಕೊಳ್ಳಿ. ಮಿತಿ ವಿಮಾ ಮೊತ್ತದ ಶೇಕಡಾ ಒಂದು ಎಂದಿದ್ದರೆ, ಐದು ಲಕ್ಷಕ್ಕೆ ಇಳಿದಾಗ ಅದೂ ದಿನಕ್ಕೆ ಐದು ಸಾವಿರಕ್ಕೆ ಇಳಿಯುತ್ತದೆ. ಒಂಬತ್ತು ಸಾವಿರದ ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸವಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳನ್ನೂ ಅದೇ ಅನುಪಾತದಲ್ಲಿ ಕಡಿತಗೊಳಿಸಬಹುದು. ಔಷಧ ಮತ್ತು ಇಂಪ್ಲಾಂಟ್‌ಗಳಿಗೆ ಈ ಕಡಿತ ಅನ್ವಯಿಸದು.

ಫ್ಲೋಟರ್ ಒಡೆಯುವಾಗ ಯಾರು ಹೊರಗೆ ಬರಬೇಕು ಎಂಬುದು ಬಹಳ ಮುಖ್ಯ. ಬೈಪಾಸ್ ಆದ ಅಪ್ಪನನ್ನು ಹೊಸ ಕಂಪನಿ ಸೇರಿಸಿಕೊಳ್ಳುವ ಖಾತ್ರಿ ಇಲ್ಲ. ತಿರಸ್ಕರಿಸುವ ಹಕ್ಕು ಅದಕ್ಕಿದೆ. ಆದರೆ ಹಿಂದೆ ಕ್ಲೇಮ್ ಮಾಡಿದ್ದಾರೆ ಎಂಬ ಕಾರಣಕ್ಕೆ ಇರುವ ಪಾಲಿಸಿಯ ನವೀಕರಣವನ್ನು ಕಂಪನಿ ನಿರಾಕರಿಸುವಂತಿಲ್ಲ. ಹಾಗಾಗಿ ಅಪ್ಪನನ್ನು ಹಳೆಯ ಹತ್ತು ಲಕ್ಷದ ಪಾಲಿಸಿಯಲ್ಲೇ ಉಳಿಸಿ, ಆರೋಗ್ಯವಾಗಿರುವ ನಾವಿಬ್ಬರು ಪೋರ್ಟ್ ಮಾಡಿಕೊಂಡು, ಅಂದರೆ ವಿಮೆಯನ್ನು ಬೇರೆ ಕಂಪನಿಗೆ ವರ್ಗಾಯಿಸಿಕೊಂಡು ಹೊರಬಂದೆವು. ಅದಕ್ಕೆ ನವೀಕರಣದ ದಿನಕ್ಕಿಂತ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕಬೇಕು. ಕೆಲವು ಕಾಯಿಲೆಗಳಿಗೆ ವಿಮೆ ಸಿಗುವ ಮೊದಲಿನ ಕಾಯುವ ಅವಧಿಯಲ್ಲಿ ನಾವು ಆಗಲೇ ಕಳೆದ ವರ್ಷಗಳು ಹಳೆಯ ವಿಮಾ ಮೊತ್ತದ ಮಟ್ಟಿಗೆ ಜೊತೆಗೇ ಬರುತ್ತವೆ. ಬಿಪಿ ಇರುವ ಅಮ್ಮನನ್ನು ಅದೇ ಕಂಪನಿಯ ಐದು ಲಕ್ಷದ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿ, ಮೇಲೊಂದು ಸೂಪರ್ ಟಾಪ್-ಅಪ್ ಕೊಡಿಸಿದೆವು.

ಈಗಿನ ಲೆಕ್ಕ: ಅಪ್ಪನಿಗೆ 46,000, ಅಮ್ಮನಿಗೆ ಸೂಪರ್ ಟಾಪ್-ಅಪ್ ಸೇರಿ 33,000, ನಮಗೆ 17,000. ಒಟ್ಟು 96,000, ಅಂದರೆ ಮೊದಲಿಗಿಂತ 24,000 ಹೆಚ್ಚು. ಇಷ್ಟು ಆಗದವರಿಗೆ ನಡುವಿನ ದಾರಿಯೊಂದಿದೆ: ಹೆತ್ತವರಿಬ್ಬರಿಗೆ ಒಂದು ಫ್ಲೋಟರ್, ದಂಪತಿಗೆ ಇನ್ನೊಂದು. ನಮಗೆ ಅದು ಸುಮಾರು 77,000 ಆಗುತ್ತಿತ್ತು. ಹಳೆಯ ಫ್ಲೋಟರ್‌ಗಿಂತ ಐದು ಸಾವಿರವಷ್ಟೇ ಹೆಚ್ಚು, ಡೆಂಗಿಯ ಬಿಲ್ಲು ಪೂರ್ತಿ ಬರುತ್ತಿತ್ತು. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ಬೋನಸ್ ಕೂಡ ದಂಪತಿಯ ಪಾಲಿಗೆ ಉಳಿಯುತ್ತದೆ. ನಮ್ಮ ಹಳೆಯ ಫ್ಲೋಟರ್‌ನಲ್ಲಿ ಅಪ್ಪನ ಕ್ಲೇಮಿನಿಂದ ನಾಲ್ವರ ಬೋನಸ್ಸೂ ಇಳಿಯುತ್ತಿತ್ತು. ಆದರೆ ಅಪ್ಪನ ಖರ್ಚು ಅಮ್ಮನ ಪಾಲನ್ನು ತಿನ್ನುವ ಅಪಾಯ ಹಾಗೆಯೇ ಇರುತ್ತದೆ, ಮತ್ತು ಈ ವಯಸ್ಸಿನಲ್ಲಿ ಅದು ಸಣ್ಣ ಅಪಾಯವಲ್ಲ. ಅಮ್ಮನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದು ವೈದ್ಯರು ಆಗಲೇ ಹೇಳಿದ್ದರಿಂದ ನಾವು ಆ ದಾರಿ ಹಿಡಿಯಲಿಲ್ಲ.

ಅಪ್ಪನಿಗೆ ಸೂಪರ್ ಟಾಪ್-ಅಪ್ ಕೊಡಲು ನಾವು ಕೇಳಿದ ಯಾವ ಕಂಪನಿಯೂ ಒಪ್ಪಿಲ್ಲ. ಹತ್ತು ಲಕ್ಷ ದಾಟಿದರೆ ಎಂದು ಅವರ ಹೆಸರಿನಲ್ಲಿ ಬ್ಯಾಂಕಿನಲ್ಲೊಂದು ಠೇವಣಿ ಇಟ್ಟಿದ್ದೇವೆ. ಹೆತ್ತವರು ಇನ್ನೂ ಗಟ್ಟಿಯಾಗಿರುವ ಮನೆಗಳಲ್ಲಿ ಪಾಲಿಸಿ ಬೇರ್ಪಡಿಸುವುದನ್ನೂ ಸೂಪರ್ ಟಾಪ್-ಅಪ್ ಕೊಳ್ಳುವುದನ್ನೂ ಮುಂದಿನ ನವೀಕರಣಕ್ಕೇ ಮಾಡಿಬಿಡಿ.