ಸೀಗೆ, ಅಂಟುವಾಳ ತಲೆಗೆ; ಹೆಸರುಹಿಟ್ಟು ಮೈಗೆ: ಹಲವು ವರ್ಷಗಳ ಬಳಕೆಯ ಅನುಭವ

ಹರಳೆಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಳ್ಳುವವರನ್ನು ಕೇಳಿ, ಸೀಗೆಪುಡಿಯ ಮೇಲೆ ಎಲ್ಲರದೂ ಒಂದೇ ದೂರು: ಪುಡಿ ತಲೆಯಲ್ಲೇ ಉಳಿದುಬಿಡುತ್ತದೆ. ಎಷ್ಟು ಚೆಂಬು ನೀರು ಹುಯ್ದರೂ ಕೂದಲ ಬುಡದಲ್ಲಿ ಕಂದು ತರಿ. ಒಣಗಿದ ಮೇಲೆ ಬಾಚಿದರೆ ಹೆಗಲ ತುಂಬ ಹುಡಿ, ನೋಡಿದವರು ಹೊಟ್ಟು ಅಂದುಕೊಳ್ಳುತ್ತಾರೆ. ನನ್ನ ಕೂದಲು ಸೊಂಟದವರೆಗೆ ಇದೆ, ದಪ್ಪವೂ ಹೌದು. ಈ ಒಂದು ಕಾಟಕ್ಕೇ ನಾನು ಸೀಗೆಯನ್ನು ಬಿಡುವ ಹಂತಕ್ಕೆ ಬಂದಿದ್ದೆ.

ಪ್ಯಾಕೆಟ್ ಪುಡಿಗಳಂತೂ ಇನ್ನೂ ಬೇಸರ ತರಿಸಿದವು. ಕೆಲವದರಲ್ಲಿ ಸೀಗೆಗಿಂತ ಹಿಟ್ಟೇ ಜಾಸ್ತಿ. ಪರೀಕ್ಷೆ ಸುಲಭ: ಗಾಜಿನ ಲೋಟದ ತಣ್ಣೀರಿಗೆ ಒಂದು ಚಮಚ ಪುಡಿ ಹಾಕಿ ಕದಡಿ ಸ್ವಲ್ಪ ಹೊತ್ತು ಬಿಡಿ. ಸೀಗೆ ಚೆನ್ನಾಗಿದ್ದರೆ ಮೇಲೆ ಸಣ್ಣ ನೊರೆ ನಿಲ್ಲುತ್ತದೆ, ನೀರು ಕಂದಾಗುತ್ತದೆ. ತಳದಲ್ಲಿ ತಿಳಿ ಬಣ್ಣದ ದಪ್ಪ ಪದರ ಕೂತರೆ ಅದು ಹಿಟ್ಟು. ನಿಜವಾದ ಸೀಗೆಪುಡಿಗೆ ಹುಳಿ ಬೆರೆತ ಘಾಟಿರುತ್ತದೆ, ಡಬ್ಬದ ಮುಚ್ಚಳ ತೆಗೆದರೆ ಸೀನು ಬರುತ್ತದೆ. ಮಲ್ಲಿಗೆಯ ಪರಿಮಳ ಬಂದರೆ ಯೋಚಿಸಬೇಕಾದ್ದೇ.

ಹಾಗಂತ ತಪ್ಪೆಲ್ಲ ಅಂಗಡಿಯವರದಲ್ಲ. ಮನೆಯಲ್ಲೇ ಮಾಡಿಸಿದ ಪುಡಿಯೂ ತಲೆಗೆ ಅಂಟುತ್ತಿತ್ತು. ಕಾರಣ ಎರಡು. ಸೀಗೆಕಾಯಿಯ ಸಿಪ್ಪೆಯಲ್ಲಿ ನಾರಿದೆ, ಮಿಕ್ಸಿಯಲ್ಲಿ ಎಷ್ಟು ತಿರುವಿದರೂ ಅದು ಪೂರ್ತಿ ನುಣ್ಣಗಾಗುವುದಿಲ್ಲ. ಇನ್ನೊಂದು, ಹೆಸರುಹಿಟ್ಟು. ಸೀಗೆ, ಅಂಟುವಾಳ, ಹೆಸರುಕಾಳು, ಮೆಂತ್ಯ ಎಲ್ಲವನ್ನೂ ಒಟ್ಟಿಗೆ ಬೀಸಿಸಿ ಒಂದೇ ಡಬ್ಬಕ್ಕೆ ತುಂಬುವುದು ಬಹಳ ಮನೆಗಳ ರೂಢಿ. ಆ ಪುಡಿಯನ್ನು ಕುದಿಯುವ ನೀರಿಗೋ ಗಂಜಿಗೋ ಕಲಸುತ್ತೇವೆ. ಹೆಸರಿನಲ್ಲಿ ಪಿಷ್ಟವಿದೆ, ಕುದಿನೀರು ಬಿದ್ದೊಡನೆ ಅದು ಬೆಂದು ಗೋಂದಾಗುತ್ತದೆ. ಆ ಗೋಂದು ಸೀಗೆಯ ನಾರನ್ನು ಕೂದಲಿಗೆ ಹಿಡಿದಿಡುತ್ತದೆ. ಹೀಗಾಗಿಯೇ ನಾನು ಒಂದೇ ಡಬ್ಬದ ಪದ್ಧತಿ ಬಿಟ್ಟು ತಲೆಗೆ ಸೋಸಿದ ಕಷಾಯ, ಮೈಗೆ ಹೆಸರುಹಿಟ್ಟು ಅಂತ ಬೇರೆ ಮಾಡಿದ್ದು. ಅಂದಿನಿಂದ ತಲೆಯಲ್ಲಿ ತರಿ ಕಂಡಿಲ್ಲ.

ಕಷಾಯಕ್ಕೆ ಪುಡಿ ಬೇಡ, ಗ್ರಂಥಿಗೆ ಅಂಗಡಿಯಿಂದ ಇಡೀ ಕಾಯಿ ತನ್ನಿ. ಸೀಗೆಕಾಯಿ ಮುರಿದರೆ ಟಕ್ಕನೆ ಮುರಿಯಬೇಕು. ಬಾಗಿದರೆ ತೇವ ಹಿಡಿದಿದೆ ಎಂದರ್ಥ, ಎರಡು ಬಿಸಿಲು ಕಾಯಿಸಿ. ಅಂಟುವಾಳದ ಒಳಗಿನ ಕರಿಬೀಜ ತೆಗೆಯಲೇಬೇಕು. ನೊರೆ ಬರುವುದು ಹೊರಗಿನ ತಿರುಳಿನಿಂದ, ಬೀಜದಿಂದ ಏನೂ ಉಪಯೋಗವಿಲ್ಲ, ಮಿಕ್ಸಿಗೆ ಹೋದರೆ ಬ್ಲೇಡಿಗೇ ಪೆಟ್ಟು. ಕುಟ್ಟಾಣಿಯಲ್ಲಿ ಒಂದೇಟು ಹಾಕಿದರೆ ಸಿಪ್ಪೆ ಬಿರಿಯುತ್ತದೆ. ಕುಟ್ಟುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ದೂಳು ಗಂಟಲಿಗೆ ಇಳಿದರೆ ಕೆಮ್ಮು ನಿಲ್ಲುವುದಿಲ್ಲ.

ನನ್ನ ಉದ್ದದ ಕೂದಲಿಗೆ, ಹರಳೆಣ್ಣೆ ಹಚ್ಚಿದ ದಿನಕ್ಕೆ, ಅಳತೆ ಇಷ್ಟು: ಹತ್ತು ಸೀಗೆಕಾಯಿ, ಐದು ಅಂಟುವಾಳದ ಸಿಪ್ಪೆ, ಒಂದು ಚಮಚ ಮೆಂತ್ಯ, ಮುಕ್ಕಾಲು ಲೀಟರ್ ನೀರು. ಸೀಗೆಯನ್ನು ಎರಡು ಮೂರು ತುಂಡಾಗಿ ಮುರಿದು ಎಲ್ಲವನ್ನೂ ರಾತ್ರಿಯೇ ಬಿಸಿನೀರಿಗೆ ಹಾಕಿ ಮುಚ್ಚಿಡುತ್ತೇನೆ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ. ಪಾತ್ರೆ ಅರ್ಧದಷ್ಟು ಖಾಲಿ ಇರಲಿ, ಉರಿ ಜೋರಾದರೆ ನೊರೆ ಉಕ್ಕಿ ಒಲೆಯೆಲ್ಲ ಅಂಟಂಟು. ಸ್ಟೀಲ್ ಪಾತ್ರೆಯೇ ಆಗಬೇಕು. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಸೀಗೆಯ ಒಗರು ಕಬ್ಬಿಣದ ಜೊತೆ ಸೇರಿ ನೀರು ಕಪ್ಪಾಗುತ್ತದೆ, ಟವೆಲ್ಲಿಗೆ ಹಿಡಿದ ಆ ಕಲೆ ಹೋಗುವುದಿಲ್ಲ.

ಇನ್ನು ನನಗೆ ತುಂಬ ಇಷ್ಟದ ಭಾಗ. ಕಷಾಯ ಕೈ ತಾಳುವಷ್ಟು ಆರಿದ ಮೇಲೆ ಎರಡೂ ಕೈ ಇಳಿಸಿ ಕಿವುಚಬೇಕು. ಮೊದಲು ಸೀಗೆ ಬೆರಳಿಗೆ ಒರಟಾಗಿ ತಾಗುತ್ತದೆ. ಕಿವುಚುತ್ತಾ ಹೋದಂತೆ ಸಿಪ್ಪೆಯ ತಿರುಳು ಬಿಟ್ಟುಕೊಂಡು ನಾರಷ್ಟೇ ಉಳಿಯುತ್ತದೆ, ಅಂಟುವಾಳ ಮೆತ್ತಗೆ ಜಾರುತ್ತದೆ, ಮಣಿಕಟ್ಟಿನವರೆಗೆ ತಿಳಿಗಂದು ನೊರೆ ಏರುತ್ತದೆ. ಆಗ ಬರುವ ಹುಣಸೆಹಣ್ಣಿನ ಹತ್ತಿರದ ವಾಸನೆ ಯಾವ ಪ್ಯಾಕೆಟ್‌ನಲ್ಲೂ ನನಗೆ ಸಿಕ್ಕಿಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ ಗಟ್ಟಿಯಾಗಿ ಹಿಂಡಿದರೆ ಸುಮಾರು ಅರ್ಧ ಲೀಟರ್ ಸಿಗುತ್ತದೆ. ಟೀ ಸೋಸುವ ಜಾಲರಿ ಸಾಲದು, ನಾರು ನುಸುಳಿ ಮತ್ತೆ ಅದೇ ಕಥೆ.

ತಲೆಗೆ ಹಾಕುವಾಗ ಎರಡು ಭಾಗ ಮಾಡಿ. ಕೂದಲನ್ನು ಬಿಸಿನೀರಲ್ಲಿ ಚೆನ್ನಾಗಿ ನೆನೆಸಿ ಅರ್ಧ ಕಷಾಯವನ್ನು ಬುಡಕ್ಕೆ ಹುಯ್ದು ತಿಕ್ಕಿ. ಈ ಸಲ ನೊರೆ ಬರುವುದಿಲ್ಲ, ಎಣ್ಣೆ ಅದನ್ನು ನುಂಗಿಬಿಡುತ್ತದೆ. ಕೆಲಸ ಆಗುತ್ತಿಲ್ಲ ಅಂತ ಗಾಬರಿಯಾಗಿ ಶಾಂಪೂ ಕಡೆ ಕೈ ಚಾಚಬೇಡಿ. ತೊಳೆದು ಉಳಿದರ್ಧ ಹಾಕಿದಾಗ ನೊರೆ ಏಳುತ್ತದೆ, ಎಣ್ಣೆ ಬಿಟ್ಟಿದೆ ಅನ್ನುವುದಕ್ಕೆ ಅದೇ ಗುರುತು. ಒದ್ದೆ ಕೂದಲು ಕೈಗೆ ಸ್ವಲ್ಪ ಒರಟೆನಿಸುವುದು ಸಹಜ. ಒಣಗಿದ ಮೇಲೂ ಒರಟಾಗಿದ್ದರೆ ಅಂಟುವಾಳ ಹೆಚ್ಚಾಗಿದೆ, ಮುಂದಿನ ಸಲ ಎರಡು ಸಿಪ್ಪೆ ಕಡಿಮೆ ಮಾಡಿ. ಕೊಬ್ಬರಿ ಎಣ್ಣೆ ಹಚ್ಚಿದ ದಿನ ನಾನು ಎರಡೇ ಸಿಪ್ಪೆ ಹಾಕುವುದು. ಅಂಟುವಾಳ ಜಾಸ್ತಿ ಬೇಕಾಗುವುದು ಹರಳೆಣ್ಣೆಯ ಜಿಗುಟಿಗೆ ಮಾತ್ರ.

ನಮ್ಮದು ಬೋರ್‌ವೆಲ್ ನೀರು. ಸೋಪು ಗಡಸು ನೀರಿನಲ್ಲಿ ಒಡೆದು ಬಿಳಿ ಕಸರು ಕಟ್ಟುತ್ತದೆ, ಸೀಗೆ-ಅಂಟುವಾಳದಲ್ಲಿ ನೊರೆ ಬರಿಸುವ ಸಪೋನಿನ್ ಹಾಗೆ ಕಟ್ಟುವುದಿಲ್ಲ. ನನಗೆ ಇದು ನಿರೀಕ್ಷಿಸದೇ ಸಿಕ್ಕ ಲಾಭ.

ಹೆಸರುಹಿಟ್ಟಿನದು ಸರಳ. ಸಿಪ್ಪೆಸಹಿತ ಹೆಸರುಕಾಳನ್ನು ಬಿಸಿಲಲ್ಲಿ ಗರಿಗರಿಯಾಗಿಸಿ, ಹುರಿಯದೆ ಬೀಸಿ. ಜರಡಿ ಹಿಡಿದಾಗ ಕೆಳಗೆ ಬಿದ್ದ ನುಣುಪು ಮುಖಕ್ಕೆ, ಮೇಲೆ ಉಳಿದ ತರಿ ಬೆನ್ನು, ಮೊಣಕೈಗೆ. ಅಂಗೈಯಲ್ಲಿ ತಣ್ಣೀರಲ್ಲೇ ಕಲಸಿಕೊಳ್ಳಿ. ಎಣ್ಣೆ ಮೈಗೆ ಮೊದಲು ಒಣಹಿಟ್ಟನ್ನೇ ತಿಕ್ಕಿದರೆ ಅದು ಎಣ್ಣೆ ಹೀರಿ ಉದುರುತ್ತದೆ, ಆಮೇಲೆ ನೀರು ಸಾಕು. ಒದ್ದೆ ಕೈ ಡಬ್ಬಕ್ಕೆ ಹಾಕಿದರೆ ಬೂಷ್ಟು ಗ್ಯಾರಂಟಿ. ಅದಕ್ಕೇ ನಾನು ಒಂದು ಸ್ನಾನಕ್ಕೆ ಬೇಕಾದಷ್ಟನ್ನು ಬಟ್ಟಲಿಗೆ ಹಾಕಿಕೊಂಡೇ ಬಚ್ಚಲಿಗೆ ಹೋಗುವುದು.

ಯಾರಿಗೆ ಬೇಡ? ದಿನಾ ತಲೆಸ್ನಾನ ಮಾಡಿ ಬಸ್ಸು ಹಿಡಿಯುವವರಿಗೆ ಇದು ಆಗದ ಮಾತು. ಕಷಾಯ ಹೊರಗಿಟ್ಟರೆ ಮರುದಿನವೇ ಹುಳಿಯುತ್ತದೆ, ಫ್ರಿಜ್ಜಿನಲ್ಲಿಟ್ಟರೂ ಮೂರು ನಾಲ್ಕು ದಿನ ಅಷ್ಟೆ. ಪುಟ್ಟ ಮಕ್ಕಳ ತಲೆಗೆ ನಾನಂತೂ ಹಾಕುವುದಿಲ್ಲ. ಕಣ್ಣಿಗೆ ಒಂದು ಹನಿ ಬಿದ್ದರೂ ಉರಿ ಸಣ್ಣದಲ್ಲ, ಕೆಂಪು ಬಹಳ ಹೊತ್ತು ಇಳಿಯುವುದಿಲ್ಲ. ದೊಡ್ಡವರೂ ತಲೆ ಹಿಂದಕ್ಕೆ ಬಾಗಿಸಿಯೇ ಹುಯ್ದುಕೊಳ್ಳಿ, ಬಿದ್ದರೆ ತಕ್ಷಣ ತಣ್ಣೀರು ಎರಚಿಕೊಳ್ಳಿ, ಉರಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಹಿಂಡಿದ ಚರಟ ಎಸೆಯಬೇಡಿ. ಎಣ್ಣೆಸ್ನಾನವಾದ ಬಚ್ಚಲ ನೆಲ ಭಯಂಕರ ಜಾರುತ್ತದೆ. ಚರಟವನ್ನು ನೆಲಕ್ಕೆ ಹಾಕಿ ಪೊರಕೆಯಿಂದ ಉಜ್ಜಿ, ಕಿಂಡಿಗೆ ಹೋಗದಂತೆ ಬಾಚಿ ತೆಗೆದು, ಆಮೇಲೆ ನೀರು ಹುಯ್ಯಿರಿ.