ಪೇಪರ್ ಟ್ರೇಡಿಂಗ್: ಆ್ಯಪ್, ನೋಟ್‌ಬುಕ್, ಒಂದೇ ಒಂದು ಷೇರು

ಕಾಫಿ ಮಾರಿದ ದುಡ್ಡಿನಲ್ಲಿ ಒಂದು ಲಕ್ಷ ಟ್ರೇಡಿಂಗ್‌ಗೆ ಎತ್ತಿಟ್ಟಿದ್ದೆ. ಅದನ್ನು ಮುಟ್ಟುವ ಮೊದಲು ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಿಂದಲೇ ಮೂರು ರೀತಿ ಪರೀಕ್ಷೆ ಮಾಡಿದೆ. ನಿಜವಾದ ದುಡ್ಡು ಹಾಕದೆ ಷೇರು ಕೊಂಡು ಮಾರಿ ನೋಡುವ ಪೇಪರ್ ಟ್ರೇಡಿಂಗ್ ಆ್ಯಪ್, ಕೈಯಲ್ಲಿ ಬರೆದ ನೋಟ್‌ಬುಕ್, ಮತ್ತು ನಿಜವಾದ ಖಾತೆಯಲ್ಲಿ ಒಂದೇ ಷೇರಿನ ಆರ್ಡರ್.

ಆ್ಯಪ್ ಸುಲಭ. ಆದರೆ ನಾನು ಬಳಸಿದ್ದು ಕೊನೆಯ ವ್ಯಾಪಾರದ ಬೆಲೆಗೇ ಷೇರು ಕೊಟ್ಟುಬಿಡುತ್ತಿತ್ತು. ಒಂದು ದಿನ ಸಣ್ಣ ಕಂಪನಿಯೊಂದರ 200 ಷೇರು ಕೊಂಡೆ. ಆ್ಯಪ್ ತೋರಿಸಿದ್ದು 412.00. ಅದೇ ಕ್ಷಣ ಮಾರುವವರ ಸಾಲು ನೋಡಿ ನೋಟ್‌ಬುಕ್‌ನಲ್ಲಿ ಬರೆದೆ: 412.40ಕ್ಕೆ 60 ಷೇರು, 412.60ಕ್ಕೆ 90, 412.90ಕ್ಕೆ 50. ಸರಾಸರಿ 412.615 ಬರುತ್ತದೆ. ಅಂದರೆ ಷೇರಿಗೆ 61.5 ಪೈಸೆ ಜಾಸ್ತಿ. ಮಾರುವಾಗಲೂ ಹೆಚ್ಚುಕಮ್ಮಿ ಅಷ್ಟೇ ಹೋಗುತ್ತದೆ. ಆ್ಯಪ್‌ನಲ್ಲಿ ನನ್ನ ಲಾಭ ಷೇರಿಗೆ ಸರಾಸರಿ 1.50 ಇತ್ತು. ಉಳಿಯುವುದು 30 ಪೈಸೆಯೂ ಇಲ್ಲ, ಬ್ರೋಕರೇಜ್, ತೆರಿಗೆ ಇನ್ನೂ ಬಾಕಿ!

ಒಂದೇ ಷೇರಿನ ಆರ್ಡರ್ ಇದನ್ನು ತೋರಿಸುವುದಿಲ್ಲ. ಒಂದು ಷೇರು ಯಾವಾಗಲೂ ಸಾಲಿನ ಮೊದಲ ಬೆಲೆಗೇ ಸಿಗುತ್ತದೆ. ಅದರ ಉಪಯೋಗ, ನಾವೇ ಒಂದು ಬೆಲೆ ಹೇಳಿ ಕಾಯುವ ಲಿಮಿಟ್ ಆರ್ಡರ್‌ನಲ್ಲಿ. ಅಲ್ಲಿ ಒಂದೇ ಬೆಲೆಗೆ ಮೊದಲು ಬಂದವರಿಗೆ ಮೊದಲು, ನಾವು ಅವರ ಹಿಂದೆ ನಿಲ್ಲಬೇಕು. ಬೆಲೆ ನಮ್ಮ ಅಂಕಿ ಮುಟ್ಟಿ ವಾಪಸ್ ಹೋದರೆ ನಮ್ಮ ಸರದಿ ಬಾರದೇ ಇರಬಹುದು. ಅದಕ್ಕೇ ನೋಟ್‌ಬುಕ್‌ನಲ್ಲಿ, ಬೆಲೆ ನನ್ನ ಅಂಕಿಗಿಂತ ಕೆಳಗಿಳಿದರೆ ಮಾತ್ರ ‘ಸಿಕ್ಕಿತು’ ಅಂತ ಬರೆದೆ.

ಕೊಳ್ಳುವ 20 ಲಿಮಿಟ್ ಆರ್ಡರ್‌ಗಳಲ್ಲಿ ಆ್ಯಪ್ 17 ಕೊಟ್ಟಿತು. ನೋಟ್‌ಬುಕ್‌ನಲ್ಲಿ 11, ನಿಜದಲ್ಲೂ 11. ನಿಜದಲ್ಲಿ ಸಿಗದ ಆ 6ರಲ್ಲಿ 4, ಬೆಲೆ ಮುಟ್ಟಿ ಮೇಲೆ ಹೋದವು. ಅಂದರೆ ಆ್ಯಪ್‌ನ ಲಾಭದ ವ್ಯಾಪಾರಗಳೇ ಅವು. ಬೆಲೆ ಬೀಳುತ್ತಲೇ ಹೋದಾಗ ಮಾತ್ರ ಷೇರು ತಪ್ಪದೆ ನಮ್ಮ ಕೈಗೆ ಬರುತ್ತದೆ.

11ಕ್ಕೆ 11 ಅಂತ ಖುಷಿಪಟ್ಟೆ. ಒಂದೊಂದೇ ಆರ್ಡರ್ ಹೋಲಿಸಿದಾಗ 4 ಕಡೆ ವ್ಯತ್ಯಾಸ ಕಂಡಿತು. ಎರಡು ಆರ್ಡರ್ ನೋಟ್‌ಬುಕ್‌ನಲ್ಲಿ ಸಿಗದಿದ್ದರೂ ನಿಜದಲ್ಲಿ ಸಿಕ್ಕಿದ್ದವು. ಇನ್ನೆರಡು ನೋಟ್‌ಬುಕ್‌ನಲ್ಲಿ ಸಿಕ್ಕಿದ್ದರೂ ನಿಜದಲ್ಲಿ ಮಳೆಗೆ ನೆಟ್ ಹೋಗಿ ಕಳಿಸಲಿಕ್ಕೇ ಆಗಿರಲಿಲ್ಲ. ಮೊತ್ತ ಹೋಲಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ಪಾಸ್ ಆಗಲು ನಾನು ಮೊದಲೇ ಬರೆದಿಟ್ಟ ಷರತ್ತು ಎರಡು. ಲಿಮಿಟ್ ಆರ್ಡರ್ 20ರಲ್ಲಿ 18 ಒಂದಕ್ಕೊಂದು ಹೊಂದಬೇಕು. ಸಾಲಿನ ಲೆಕ್ಕದಲ್ಲಿ ಜಾಸ್ತಿ ಹೋಗುವುದನ್ನು ಕಳೆದ ಮೇಲೂ ಅರ್ಧ ಲಾಭ ಉಳಿಯಬೇಕು. ಎರಡರಲ್ಲೂ ಫೇಲ್. ಆ ಒಂದು ಲಕ್ಷ ಹಾಗೇ ಇದೆ.

ಆ್ಯಪ್ ಬಿಟ್ಟಿದ್ದೇನೆ. ಪ್ರಮಾಣದ ಲೆಕ್ಕಕ್ಕೆ ನೋಟ್‌ಬುಕ್, ಸರದಿ ಮತ್ತು ನೆಟ್‌ನ ಪರೀಕ್ಷೆಗೆ ಒಂದು ಷೇರು, ಎರಡನ್ನೂ ಜೊತೆಗೇ ಇಟ್ಟುಕೊಂಡಿದ್ದೇನೆ. 200ರ ಬದಲು 50 ಷೇರಿನ ಲೆಕ್ಕದಲ್ಲಿ ಮತ್ತೆ 20 ಆರ್ಡರ್ ಶುರುವಾಗಿದೆ. ಇವತ್ತಿಗೆ 8 ಮುಗಿದಿವೆ, 8ರಲ್ಲಿ 7 ಹೊಂದಿವೆ.